ಕಾಕಾನ ಫೋನು, ಭಾವನ ಅವಸರ

ಲೋಣಾವಳಾದ ಬಂಗ್ಲೆ ಕೆಲಸಕ್ಕೆ ನಮ್ಮ ವಿಜಯಪುರದ ಕಡೆಯಿಂದ ಬಂದವರು ಹಲವರಿದ್ದಾರೆ. ಲೆಕ್ಕ ಬರೆಯುವ ನನಗೆ ಇಂಗ್ಲಿಷ್ ಓದಲು ಬರುತ್ತದೆಂದು ಎಲ್ಲರ ಫೋನೂ ನನ್ನ ಕೈಗೇ ಬರುತ್ತದೆ. ಕಾಕಾ ಸಾಲದ ಆ್ಯಪ್ ಹಾಕಿಕೊಂಡಾಗಲೂ ಹಾಗೇ ಆಯಿತು.

ಕಾಕಾನ ಫೋನಿನ ಭಾಷೆ ಕನ್ನಡ. ಹಾಗಾಗಿ ಕ್ಯಾಮೆರಾ ಬೇಕು, ಸಂಪರ್ಕಗಳು ಬೇಕು ಎಂದು ಅನುಮತಿ ಕೇಳುವ ಸಣ್ಣ ಚೌಕ ಕನ್ನಡದಲ್ಲೇ ಬಂತು. ಆ ಚೌಕ ಆಂಡ್ರಾಯ್ಡ್‌ನದು, ಏನು ಬೇಕೆಂದಷ್ಟೇ ಹೇಳುತ್ತದೆ. ಯಾಕೆ ಬೇಕು, ಯಾರಿಗೆ ಕೊಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ಆ್ಯಪ್‌ನವರ ಗೌಪ್ಯತೆ ನೀತಿಯಲ್ಲಿತ್ತು, ಅದೂ ಇಂಗ್ಲಿಷಿನಲ್ಲಿ.

ಮೇಲಿನಿಂದ ಓದಿದರೆ ಸಂಜೆಯಾಗುತ್ತಿತ್ತು. ಮಾಹಿತಿ ಹಂಚುವ ಭಾಗಕ್ಕೆ ನೇರ ಹೋದೆ. 'ಹಂಚುವುದಿಲ್ಲ' ಎಂದು ಶುರುವಾಗಿ 'ಇವರ ಹೊರತು' ಎಂದು ಅರ್ಧ ಪುಟ ಎಳೆಯುವ ವಾಕ್ಯ. ಅದನ್ನು ಒಡೆದು ಹೇಳಿದೆ: 'ನಿನ್ನ ಫೋನಿನಲ್ಲಿರೋ ಹೆಸರು, ನಂಬರು ತಗೋತಾರ. ವಸೂಲಿ ಮಾಡೋರಿಗೆ ಕೊಡಬಹುದು. ಕಂತು ತಪ್ಪಿದರ ಆ ನಂಬರಿಗೆ ಅವರು ಫೋನ್ ಮಾಡಬಹುದು.'

'ಅಂದ್ರ ಬೀಗರಿಗೂ ಫೋನ್ ಹೋಗತೈತೇನು?' ಎಂದ ಕಾಕಾ. ಅವನಿಗೆ ಪೂರ್ತಿ ಅರ್ಥವಾಗಿತ್ತು. ಅಷ್ಟರಲ್ಲಿ ಭಾವ, 'ಎಲ್ಲರೂ ಒತ್ತತಾರ, ನೀ ಏನ್ ವಕೀಲನೇನು?' ಎಂದು ಫೋನ್ ಕಸಿದು 'ಅನುಮತಿಸಿ' ಒತ್ತಿಯೇಬಿಟ್ಟ. ದುಡ್ಡು ಅವತ್ತೇ ಬಂತು. ಭಾವ ಗೆದ್ದವನ ಹಾಗೆ ನನ್ನ ಮುಖ ನೋಡಿದ.

ಮಳೆ ಹಿಡಿದು ಕೆಲಸ ನಿಂತಾಗ ಒಂದು ಕಂತು ತಡವಾಯಿತು. ಫೋನ್ ಹೋದದ್ದು ಬೀಗರಿಗೇ. ಮಗಳ ಮಾವನಿಗೆ, ಅದೂ ನಾಲ್ಕು ಜನ ಕೂತಿದ್ದಾಗ! ಕಾಕಾ ಅವತ್ತು ಊಟ ಮುಟ್ಟಲಿಲ್ಲ. ಭಾವ ಮಾತ್ರ 'ನೆಟ್‌ವರ್ಕ್ ಇಲ್ಲ' ಅಂತ ಯಾರ ಕೈಗೂ ಸಿಗಲಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಸಂಪರ್ಕಗಳ ಅನುಮತಿ ತೆಗೆದೆ. ಅದರಿಂದ ಮುಂದಿನ ಓದು ನಿಲ್ಲುತ್ತದೆ, ಆಗಲೇ ಒಯ್ದ ನಂಬರು ವಾಪಸ್ ಬರುವುದಿಲ್ಲ. ಅಳಿಸಿ ಎಂದು ಕಂಪನಿಯ ದೂರು ಅಧಿಕಾರಿಗೆ ಬೇರೆಯಾಗಿ ಬರೆಯಬೇಕು. ಹಾಗೆ ಕೇಳುವ ಹಕ್ಕನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಕೊಟ್ಟಿದೆ. ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ, ಫೈಲುಗಳನ್ನು ಮುಟ್ಟಲೇಬಾರದು ಎಂದೂ ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಕ್ಯಾಮೆರಾ, ಮೈಕು, ಲೊಕೇಶನ್‌ನಂಥವು ಮಾತ್ರ, ಅದೂ ಗುರುತು ಪರಿಶೀಲನೆಗೆ ಒಂದು ಸಲ, ಒಪ್ಪಿಗೆ ಪಡೆದು. ಹಾಗಾಗಿ ಸಾಲದ ಆ್ಯಪ್ ಸಂಪರ್ಕ ಕೇಳಿತೆಂದರೆ ನೀತಿ ಓದುವ ಕಷ್ಟವೂ ಬೇಡ, ಆ್ಯಪ್ ತೆಗೆದುಹಾಕಿ.

ಬೇರೆ ಆ್ಯಪ್‌ಗಳ ನೀತಿಯಲ್ಲಿ ಏನು, ಯಾಕೆ, ಯಾರಿಗೆ, ಎಷ್ಟು ದಿನ, ಬೇಡವೆಂದರೆ ಏನಾಗುತ್ತದೆ ಎಂಬ ಐದನ್ನಷ್ಟೇ ಹುಡುಕಿ ಹೇಳಿ. ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿದ ಮೇಲೆ ಫೋನ್ ಕೊಡಿ, ಭಾವ ಪಕ್ಕದಲ್ಲಿ ಇಲ್ಲದಾಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಹಿತಿಗೆ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆಯನ್ನು ಕಂಪನಿಯೇ ಕೊಡಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಜಾರಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ.