ಮೂರು ಅಂಕಿಗಳನ್ನೂ ಓದು

ನೋಡಮ್ಮಾ, ನೀನು ಕಳಿಸಿದ ಸಾಯಿಲ್ ರಿಪೋರ್ಟ್ ಪೂರ್ತಿ ಓದಿದೆ. ಕೊನೆಯ ಪುಟದಲ್ಲಿ ‘1.5 ಮೀಟರ್ ಆಳದಲ್ಲಿ ಚದರ ಮೀಟರಿಗೆ 18 ಟನ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ನೀನು ಅಷ್ಟನ್ನೇ ಹಿಡಿದು ಫೂಟಿಂಗ್ ಲೆಕ್ಕ ಶುರು ಮಾಡಿದ್ದೀಯ. ಅದನ್ನು ಸದ್ಯ ಪಕ್ಕಕ್ಕಿಟ್ಟು, ಹಿಂದೆ ಪಿನ್ ಮಾಡಿರುವ ಬೋರ್‌ಹೋಲ್ ಹಾಳೆಗಳನ್ನು ಮುಂದಿಟ್ಟುಕೋ. ಬೆಂಗಳೂರಿನ ಹೊರವಲಯ, ಕೆರೆ ಅಂಗಳದ ಪಕ್ಕ, 30×40 ಸೈಟು, ಮೂರು ಅಂತಸ್ತಿನ ಮನೆ. ಇಂಥ ಜಾಗದಲ್ಲಿ ಕೊನೆಯ ಪುಟವನ್ನು ಕೊನೆಯಲ್ಲೇ ಓದಬೇಕು.

ಮೊದಲು ಎನ್ ಅಂಕಿ ಹೇಗೆ ಬಂತು ಅನ್ನುವುದನ್ನು ನೋಡೋಣ. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬಿಡುತ್ತಾರೆ. ಕೆಳಗಿರುವ ಕೊಳವೆ 45 ಸೆಂ.ಮೀ. ಇಳಿಯುವವರೆಗೆ, ಪ್ರತಿ 15 ಸೆಂ.ಮೀ.ಗೆ ಎಷ್ಟು ಏಟು ಬಿತ್ತು ಎಂದು ಬರೆದುಕೊಳ್ಳುತ್ತಾರೆ. ಕೊರೆಯುವಾಗ ತಳದ ಮಣ್ಣು ಕದಡಿರುತ್ತದಾದ್ದರಿಂದ ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ. ಉಳಿದೆರಡರ ಮೊತ್ತವೇ ಎನ್. ವರದಿಯ ಸಾರಾಂಶದಲ್ಲಿ ಈ ಮೊತ್ತ ಮಾತ್ರ ಉಳಿದು, ಬಿಡಿ ಅಂಕಿಗಳು ಮಾಯವಾಗುತ್ತವೆ. ಆದರೆ ಮಣ್ಣಿನ ಕಥೆಯೆಲ್ಲ ಇರುವುದು ಆ ಬಿಡಿ ಅಂಕಿಗಳಲ್ಲೇ.

ನಿನ್ನ ಮೊದಲ ರಂಧ್ರದಲ್ಲಿ 1.2 ಮೀಟರ್‌ವರೆಗೆ ತುಂಬಿದ ಮಣ್ಣು: ಇಟ್ಟಿಗೆ ಚೂರು, ಪ್ಲಾಸ್ಟಿಕ್. ಅದರ ಕೆಳಗೆ ಕೆಂಪು ಮಿಶ್ರಿತ ಮರಳು. 3 ಮೀಟರಿನಿಂದ ಹಳದಿ ಬಣ್ಣದ ನುಣ್ಣನೆಯ ಹೂಳುಮರಳು. 6 ಮೀಟರಿಗೆ ಕೊಳೆತ ಬಂಡೆ ಸಿಕ್ಕಿದೆ, ಕೊಳವೆ ಇಳಿಯದೆ ‘ರಿಫ್ಯೂಸಲ್’ ಎಂದು ಬರೆದಿದ್ದಾರೆ. ನೀರು ಸಿಕ್ಕಿದ್ದು 2.1 ಮೀಟರಿನಲ್ಲಿ. ಏಟುಗಳು 1.5 ಮೀಟರಿನಲ್ಲಿ 4, 6, 8, ಅಂದರೆ ಎನ್ 14. 3 ಮೀಟರಿನಲ್ಲಿ 4, 5, 5, ಅಂದರೆ 10. 4.5 ಮೀಟರಿನಲ್ಲಿ 8, 11, 14, ಅಂದರೆ 25. ಇಲ್ಲಿ ಅಸಹಜವಾದದ್ದು ಏನೂ ಇಲ್ಲ.

ಎರಡನೇ ರಂಧ್ರದ 1.5 ಮೀಟರಿನ ಸಾಲು ನೋಡು: 2, 3, 19. ಮೊತ್ತ 22, ಕೇಳುವುದಕ್ಕೆ ಚೆನ್ನಾಗಿದೆ. ಆದರೆ 15 ಸೆಂ.ಮೀ. ಅಂತರದಲ್ಲಿ ಮೂರು ಇದ್ದದ್ದು ಹತ್ತೊಂಬತ್ತಾಗಬೇಕಾದರೆ ಕೊಳವೆಯ ತುದಿ ಯಾವುದೋ ಕಲ್ಲಿಗೆ ಬಡಿದಿರಬೇಕು. ಪಕ್ಕದ ಕಾಲಮ್ಮಿನಲ್ಲಿ ಕೊಳವೆಯೊಳಗೆ ಸಿಕ್ಕ ಮಣ್ಣಿನ ಉದ್ದ ಬರೀ 10 ಸೆಂ.ಮೀ. ಎಂದಿದೆ, ಷರಾದಲ್ಲಿ ‘ಬೆಣಚುಕಲ್ಲಿನ ಚೂರು’ ಎಂದಿದೆ. ಕೊಳವೆಯ ಬಾಯಿಗೆ ಕಲ್ಲು ಸಿಕ್ಕಿಕೊಂಡರೆ ಹೀಗೇ ಆಗುವುದು. ಆ 22 ಮಣ್ಣಿನ ಗಟ್ಟಿತನವಲ್ಲ, ಒಂದು ಕಲ್ಲಿನದು. ಮಧ್ಯದ 3 ಏಟನ್ನು ನಂಬಿದರೆ ಅಲ್ಲಿನ ಎನ್ ಆರರ ಆಸುಪಾಸು. ಇದೇ ರಂಧ್ರದಲ್ಲಿ 3 ಮೀಟರಿಗೆ 3, 4, 5, ಅಂದರೆ 9. ವರದಿ ಬರೆದವರು 14ಕ್ಕೂ 22ಕ್ಕೂ ಸರಾಸರಿ ತೆಗೆದು 18 ಎಂದಿದ್ದಾರೆ. 18 ಟನ್ನಿನ ಮೂಲ ಅದೇ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 1.5 ಮೀಟರಿನಲ್ಲಿ ಫೂಟಿಂಗ್ ಕೂರಿಸುತ್ತೇವೆಂದು 1.5 ಮೀಟರಿನ ಎನ್ ಸಾಕಾಗುವುದಿಲ್ಲ. 2.4 ಮೀಟರ್ ಚೌಕದ ಫೂಟಿಂಗ್ ಅಂದುಕೋ. ಭಾರ ಕೆಳಗೆ ಹೋದಂತೆ ಹರಡುತ್ತದೆ. ಎರಡಕ್ಕೊಂದು ಇಳಿಜಾರಿನ ಅಂದಾಜಿನಲ್ಲಿ 3 ಮೀಟರ್ ಆಳಕ್ಕೆ ಒತ್ತಡದ 38 ಶೇಕಡಾ ತಲುಪುತ್ತದೆ, 4.5 ಮೀಟರಿಗೆ 20 ಶೇಕಡಾ. ಹಾಗಾಗಿ ತಳದಿಂದ ಫೂಟಿಂಗಿನ ಅಗಲದ ಒಂದೂವರೆ ಪಟ್ಟು ಆಳದವರೆಗೆ ಏನಿದೆ ಅನ್ನುವುದು ಮುಖ್ಯ. ನಿನ್ನ ಸೈಟಿನಲ್ಲಿ ಮೆತ್ತಗಿನ ಪದರ ಇರುವುದು ಸರಿಯಾಗಿ 3 ಮೀಟರಿನಲ್ಲೇ. 4.5ರ 25ನ್ನು ಸೇರಿಸಿ ಸರಾಸರಿ ತೆಗೆಯುವ ಆಸೆ ಬೇಡ. ಹೆಚ್ಚು ಒತ್ತಡ ತಿನ್ನುವುದು ಮೇಲಿನ ಪದರ.

ಈಗ ತಿದ್ದುಪಡಿ. ಮರಳಿನಲ್ಲಿ ಮೇಲಿನ ಮಣ್ಣಿನ ಭಾರ ಕಡಿಮೆಯಿದ್ದರೆ ಏಟೂ ಕಡಿಮೆ ಬೀಳುತ್ತದೆ, ಅದಕ್ಕೆ ಸ್ವಲ್ಪ ಏರಿಸಬೇಕು. 3 ಮೀಟರಿನಲ್ಲಿ ನೀರಿನ ಒತ್ತಡ ಕಳೆದು ಉಳಿಯುವ ಭಾರ ಸುಮಾರು 46 ಕಿಲೋಪ್ಯಾಸ್ಕಲ್. ಐಎಸ್ 2131ರ ಪ್ರಕಾರ ಗುಣಕ 1.26, ಹಾಗಾಗಿ 9 ಇದ್ದದ್ದು 11 ಆಗುತ್ತದೆ. 4.5ರ 25 ಇದೇ ರೀತಿ 29ಕ್ಕೆ ಏರುತ್ತದೆ. ಆದರೆ ಅದು ನೀರಿನ ಕೆಳಗಿನ ನುಣ್ಣನೆಯ ಹೂಳುಮರಳು. ಏಟು ಬಿದ್ದಾಗ ಬಿಗಿಯಾದ ಕಣಗಳು ಹಿಗ್ಗಲು ನೋಡುತ್ತವೆ, ನೀರು ಅಷ್ಟು ಬೇಗ ಒಳಗೆ ಬರಲಾರದು, ಆ ಕ್ಷಣಕ್ಕೆ ಮಣ್ಣು ಸುಳ್ಳು ಗಟ್ಟಿತನ ತೋರಿಸುತ್ತದೆ. ಅದಕ್ಕೇ 15ರ ಮೇಲಿನ ಭಾಗವನ್ನು ಅರ್ಧಕ್ಕಿಳಿಸಿ 22 ಎಂದು ತೆಗೆದುಕೊಳ್ಳಬೇಕು. ಜೇಡಿಗೆ ಈ ಎರಡೂ ತಿದ್ದುಪಡಿ ಅನ್ವಯಿಸುವುದಿಲ್ಲ. ಕಪ್ಪು ಎರೆಮಣ್ಣಂತೂ ಏಪ್ರಿಲ್‌ನಲ್ಲಿ ಬಿಗಿದುಕೊಂಡು ಒಳ್ಳೆಯ ಎನ್ ತೋರಿಸಿ, ಮಳೆಗಾಲಕ್ಕೆ ಉಬ್ಬಿ ನೆಲ ಎತ್ತುತ್ತದೆ. ಅಲ್ಲಿ ಎನ್ ಬಿಟ್ಟು ಉಬ್ಬುವಿಕೆಯ ಪರೀಕ್ಷೆ ಕೇಳು.

ಪೆಕ್, ಹ್ಯಾನ್ಸನ್, ಥಾರ್ನ್‌ಬರ್ನ್ ಅವರ ಸೂತ್ರ ನಿನಗೆ ಗೊತ್ತಿದೆ:

```
q = 0.41 × Cw × N × S
```

q ಕಿಲೋಪ್ಯಾಸ್ಕಲ್‌ನಲ್ಲಿ, S ಅಂದರೆ ಒಪ್ಪಿಕೊಳ್ಳುವ ಕುಸಿತ ಮಿ.ಮೀ.ನಲ್ಲಿ. ನೀರು 2.1 ಮೀಟರಿನಲ್ಲಿದ್ದರೆ Cw 0.77. ಎನ್ 11, ಕುಸಿತ 25 ಮಿ.ಮೀ. ಹಾಕಿದರೆ 87 ಕಿಲೋಪ್ಯಾಸ್ಕಲ್, ಹೆಚ್ಚುಕಡಿಮೆ 9 ಟನ್. ವರದಿಯ ಅರ್ಧ! ಐಎಸ್ 6403ರಂತೆ ಮಣ್ಣು ಜಾರಿ ಒಡೆಯುವ ಲೆಕ್ಕವನ್ನೂ ಮಾಡಿ ಎರಡರಲ್ಲಿ ಕಡಿಮೆಯದನ್ನು ಹಿಡಿ. ಒಂದು ವಿಷಯ, ನಿನ್ನ ಬೋರ್ ಕೊರೆದದ್ದು ನವೆಂಬರಿನಲ್ಲಿ, ಮಳೆ ಮುಗಿದ ಮೇಲೆ. ಏಪ್ರಿಲ್‌ನಲ್ಲಿ ಕೊರೆದಿದ್ದರೆ ನೀರು ನೆಲಮಟ್ಟದವರೆಗೆ ಬರುತ್ತದೆಂದೇ ಹಿಡಿದು Cw 0.5 ಹಾಕು ಎನ್ನುತ್ತಿದ್ದೆ.

ಕಾಲಮ್ಮಿಗೆ 50 ಟನ್ ಬರುವುದಾದರೆ 18 ಟನ್ನಿನ ಲೆಕ್ಕಕ್ಕೆ 1.7 ಮೀಟರ್ ಚೌಕ ಸಾಕಿತ್ತು. 9ಕ್ಕೆ 2.4 ಬೇಕು. 30×40 ಸೈಟಿನಲ್ಲಿ ಗಡಿ ಗೋಡೆಯ ಕಾಲಮ್ಮುಗಳಿಗೆ ಅಷ್ಟು ಜಾಗ ಎಲ್ಲಿದೆ? ಅವನ್ನು ಒಳಗಿನ ಕಾಲಮ್ಮಿಗೆ ಸ್ಟ್ರಾಪ್ ಬೀಮಿನಿಂದ ಕಟ್ಟಬೇಕಾಗುತ್ತದೆ. ಫೂಟಿಂಗ್‌ಗಳೆಲ್ಲ ಸೇರಿ ಕಟ್ಟಡದ ಅರ್ಧಕ್ಕಿಂತ ಹೆಚ್ಚು ನೆಲ ತಿಂದರೆ ರಾಫ್ಟ್ ಹಾಕುವುದೇ ವಾಸಿ. ತುಂಬಿದ ಮಣ್ಣಿನ ಏರುಪೇರನ್ನೂ ಅದು ದಾಟಿಸುತ್ತದೆ. 4.5 ಮೀಟರಿನ ಗಟ್ಟಿ ಪದರಕ್ಕೆ ಇಳಿಯೋಣವೆಂದರೆ ನೀರಿನೊಳಗೆ ಅಗೆಯಬೇಕು, ಪಕ್ಕದ ಮನೆಯ ಪಾಯಕ್ಕೂ ಅಪಾಯ.

ಮನೆಯವರನ್ನು ಕೇಳಿ, ಡ್ರಿಲ್ಲರ್ ಕೈಬರಹದ ಮೂಲ ಹಾಳೆ ತರಿಸಿಕೋ. ಹಗ್ಗ ಎಳೆಯುವವರು ದಣಿದು ಸುತ್ತಿಗೆಯನ್ನು 75ರ ಬದಲು 50 ಸೆಂ.ಮೀ.ಗೇ ಬಿಟ್ಟಿದ್ದರೆ ಏಟಿನ ಲೆಕ್ಕ ಹೆಚ್ಚಾಗುತ್ತದೆ, ಮಣ್ಣು ಗಟ್ಟಿಯಿದ್ದಂತೆ ಕಾಣುತ್ತದೆ. ಅದು ಅಪಾಯದ ಕಡೆಗಿನ ತಪ್ಪು. ರಂಧ್ರದೊಳಗಿನ ನೀರು ಹೊರಗಿನ ಮಟ್ಟಕ್ಕಿಂತ ಇಳಿದಿದ್ದರೆ ತಳದಿಂದ ಮರಳು ಉಕ್ಕಿ ಸಡಿಲವಾಗುತ್ತದೆ, ಆಗ ಎನ್ ನಿಜಕ್ಕಿಂತ ಕಡಿಮೆ ಬರುತ್ತದೆ. 3 ಮೀಟರಿನ 9 ಅಂಥದ್ದಿರಬಹುದೇ ಎಂದು ಅನುಮಾನಿಸಿದೆ. ಎರಡೂ ರಂಧ್ರದಲ್ಲಿ ಒಂದೇ ಆಳಕ್ಕೆ ಹತ್ತಿರಹತ್ತಿರದ ಅಂಕಿ ಬಂದಿರುವುದರಿಂದ ಪದರವೇ ಮೆತ್ತಗಿದೆ ಎನ್ನಿಸುತ್ತದೆ. ಖಾತ್ರಿ ಬೇಕಿದ್ದರೆ ಮೂರನೆಯ ರಂಧ್ರವೊಂದನ್ನು, ತುದಿಯವರೆಗೂ ನೀರು ತುಂಬಿಟ್ಟುಕೊಂಡು, ಕೊರೆಸು.

ಗುಂಡಿ ತೆಗೆದ ದಿನ ನೀನೇ ಹೋಗು. ತಳದ ಬಣ್ಣ, ಮಣ್ಣು ಹಾಳೆಯಲ್ಲಿರುವಂತೆಯೇ ಇದೆಯೇ ನೋಡಿ, 12 ಮಿ.ಮೀ. ಕಬ್ಬಿಣದ ಸರಳನ್ನು ನಾಲ್ಕು ಮೂಲೆಗೂ ಒತ್ತಿಸು. ಒಂದು ಮೂಲೆಯಲ್ಲಿ ಮಾತ್ರ ಸಲೀಸಾಗಿ ಇಳಿದರೆ, ಅಥವಾ ಇಟ್ಟಿಗೆ ಚೂರು ಕಂಡರೆ, ಅಲ್ಲಿ ಗಟ್ಟಿ ನೆಲ ಸಿಗುವವರೆಗೆ ಅಗೆಸಿ, ಆ ತಗ್ಗನ್ನು ಬಡ ಕಾಂಕ್ರೀಟಿನಿಂದ ತುಂಬಿಸಿದ ಮೇಲಷ್ಟೇ ಕಬ್ಬಿಣ ಕಟ್ಟಲು ಹೇಳು.