ಎರಡು ಬಕೆಟ್ ವಾಪಸ್ ಹೋದರೆ ಪುಸ್ತಕದಲ್ಲಿ ಏನು ಬರೆಯಬೇಕು?

ದಾವಣಗೆರೆಯಲ್ಲಿ ಒಂದು ಸಣ್ಣ ಬಣ್ಣದ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಮಾಲೀಕರು ಊರಿನ ಸಗಟು ವ್ಯಾಪಾರಿಯಿಂದ 20 ಬಕೆಟ್ ಎಮಲ್ಷನ್ ಬಣ್ಣವನ್ನು ಸಾಲದ ಮೇಲೆ ತರಿಸಿದ್ದಾರೆ. ಪಟ್ಟಿ ಬೆಲೆ ಬಕೆಟ್‌ಗೆ ₹2,000. ಬಿಲ್‌ನಲ್ಲೇ ಶೇ. 10 ವ್ಯಾಪಾರಿ ರಿಯಾಯಿತಿ ಕಳೆದು, ಉಳಿದ ಮೊತ್ತದ ಮೇಲೆ ಶೇ. 18 ಜಿಎಸ್‌ಟಿ ಹಾಕಿದ್ದಾರೆ. ಬಿಲ್ಲಿನ ಕೆಳಗೆ ಒಂದು ಸಾಲು ಷರತ್ತೂ ಇದೆ: ಬಿಲ್ ದಿನಾಂಕದಿಂದ 10 ದಿನದೊಳಗೆ ಹಣ ಕೊಟ್ಟರೆ ಮಾಲಿನ ಬೆಲೆಯ ಮೇಲೆ ಶೇ. 2 ನಗದು ರಿಯಾಯಿತಿ. ಈ ಒಂದೇ ವ್ಯವಹಾರದ ಮೇಲೆ ನಾಲ್ಕು ಪ್ರಶ್ನೆ ಕೇಳುತ್ತೇನೆ. ಉತ್ತರ ಓದುವ ಮೊದಲು ಕಾಗದದ ಮೇಲೆ ಬರೆದು ನೋಡಿ.

ಪ್ರಶ್ನೆ 1. ಮಾಲು ಬಂದ ದಿನ ಸರಿಯಾದ ಜರ್ನಲ್ ನಮೂದು ಯಾವುದು?
ಅ) ಖರೀದಿ ಖಾತೆ ಡೆಬಿಟ್ ₹40,000, ವ್ಯಾಪಾರಿ ರಿಯಾಯಿತಿ ಕ್ರೆಡಿಟ್ ₹4,000, ಸಗಟು ವ್ಯಾಪಾರಿ ಕ್ರೆಡಿಟ್ ₹36,000
ಆ) ಖರೀದಿ ಖಾತೆ ಡೆಬಿಟ್ ₹36,000, ಇನ್‌ಪುಟ್ ಸಿಜಿಎಸ್‌ಟಿ ಡೆಬಿಟ್ ₹3,240, ಇನ್‌ಪುಟ್ ಎಸ್‌ಜಿಎಸ್‌ಟಿ ಡೆಬಿಟ್ ₹3,240, ಸಗಟು ವ್ಯಾಪಾರಿ ಕ್ರೆಡಿಟ್ ₹42,480
ಇ) ಖರೀದಿ ಖಾತೆ ಡೆಬಿಟ್ ₹42,480, ಸಗಟು ವ್ಯಾಪಾರಿ ಕ್ರೆಡಿಟ್ ₹42,480

ಉತ್ತರ ಆ. ವ್ಯಾಪಾರಿ ರಿಯಾಯಿತಿ ಬಿಲ್ಲಿನಲ್ಲೇ ಕಳೆದುಹೋಗುತ್ತದೆ, ಅದಕ್ಕೆ ಪುಸ್ತಕದಲ್ಲಿ ಖಾತೆಯೇ ಇರುವುದಿಲ್ಲ. ₹40,000 ಬೆಲೆಪಟ್ಟಿಯ ಅಂಕಿ ಅಷ್ಟೇ. ಆ ಬೆಲೆಗೆ ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಮೂ ಇದನ್ನೇ ಹೇಳುತ್ತದೆ. ಮಾಲು ಕೊಡುವ ಮೊದಲು ಅಥವಾ ಕೊಡುವಾಗಲೇ ಕೊಟ್ಟ ರಿಯಾಯಿತಿಯನ್ನು ಬಿಲ್‌ನಲ್ಲಿ ನಮೂದಿಸಿದ್ದರೆ ಅದು ತೆರಿಗೆಯ ಮೌಲ್ಯಕ್ಕೆ ಸೇರದು. ಹಾಗಾಗಿ ರಿಯಾಯಿತಿ ಬಿಲ್ ಮೇಲೆ ಕಾಣುವಂತೆ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಕಳೆದು, ತೆರಿಗೆಯನ್ನು ಪೂರ್ತಿ ₹40,000ದ ಮೇಲೆ ಹಾಕಿದ ಬಿಲ್ ಬಂದರೆ ವಾಪಸ್ ಕಳಿಸಿ ತಿದ್ದಿಸಿಕೊಳ್ಳುವುದೇ ಸರಿ.

‘ಇ’ ಪೂರ್ತಿ ತಪ್ಪಲ್ಲ ಎಂಬುದನ್ನೂ ಹೇಳಬೇಕು. ಅಂಗಡಿ ರಾಜಿ ತೆರಿಗೆ ಯೋಜನೆಯಲ್ಲಿದ್ದರೆ, ಅಂದರೆ ಕಾಂಪೊಸಿಷನ್‌ನಲ್ಲಿದ್ದರೆ, ಕೊಟ್ಟ ತೆರಿಗೆಯನ್ನು ಮರಳಿ ಪಡೆಯಲು ಬರುವುದಿಲ್ಲ. ಆಗ ಆ ₹6,480 ಕೂಡ ಮಾಲಿನ ಬೆಲೆಗೇ ಸೇರುತ್ತದೆ. ನಮ್ಮ ಅಂಗಡಿ ಸಾಮಾನ್ಯ ನೋಂದಣಿಯದು.

ಲಾರಿಯಿಂದ ಇಳಿಸುವಾಗಲೇ ಎರಡು ಬಕೆಟ್‌ಗಳ ಮುಚ್ಚಳ ಸೀಳಿ ಬಣ್ಣ ಸೋರುತ್ತಿತ್ತು. ಮಾಲೀಕರು ಅಂದೇ ತಿಳಿಸಿದರು, ಸಗಟು ವ್ಯಾಪಾರಿ ವಾಪಸ್ ತೆಗೆದುಕೊಂಡು ಕ್ರೆಡಿಟ್ ನೋಟ್ ಕೊಟ್ಟರು.

ಪ್ರಶ್ನೆ 2. ಕೊಂಡವರ ಪುಸ್ತಕದಲ್ಲಿ ನಮೂದು ಯಾವುದು?
ಅ) ಸಗಟು ವ್ಯಾಪಾರಿ ಡೆಬಿಟ್ ₹4,000, ಖರೀದಿ ವಾಪಸ್ ಕ್ರೆಡಿಟ್ ₹4,000
ಆ) ಸಗಟು ವ್ಯಾಪಾರಿ ಡೆಬಿಟ್ ₹3,600, ಖರೀದಿ ವಾಪಸ್ ಕ್ರೆಡಿಟ್ ₹3,600
ಇ) ಸಗಟು ವ್ಯಾಪಾರಿ ಡೆಬಿಟ್ ₹4,248; ಖರೀದಿ ವಾಪಸ್ ಕ್ರೆಡಿಟ್ ₹3,600; ಇನ್‌ಪುಟ್ ಸಿಜಿಎಸ್‌ಟಿ ಕ್ರೆಡಿಟ್ ₹324; ಇನ್‌ಪುಟ್ ಎಸ್‌ಜಿಎಸ್‌ಟಿ ಕ್ರೆಡಿಟ್ ₹324
ಈ) ಮಾರಾಟ ವಾಪಸ್ ಡೆಬಿಟ್ ₹3,600, ಸಗಟು ವ್ಯಾಪಾರಿ ಕ್ರೆಡಿಟ್ ₹3,600

ಉತ್ತರ ಇ. ‘ಅ’ ಆರಿಸಿದವರು ಪಟ್ಟಿ ಬೆಲೆಗೆ ವಾಪಸ್ ಬರೆದಿದ್ದಾರೆ. ಕೊಂಡದ್ದು ₹1,800ಕ್ಕೆ, ವಾಪಸ್ ಹೋಗುವುದೂ ₹1,800ಕ್ಕೇ. ‘ಆ’ದಲ್ಲಿ ಬೆಲೆ ಸರಿ, ತೆರಿಗೆ ಮರೆತಿದೆ. ಹೀಗೆ ಬರೆದರೆ ಅಂಗಡಿಯಲ್ಲಿಲ್ಲದ ಮಾಲಿನ ತೆರಿಗೆ ₹648 ನಿಮ್ಮ ಖಾತೆಯಲ್ಲೇ ಉಳಿದು, ಮುಂದೆ ಇಲಾಖೆಯಿಂದ ಪ್ರಶ್ನೆ ಬರುತ್ತದೆ. ‘ಈ’ ಮಾರಿದವರ ಕಡೆಯ ಖಾತೆ.

ಇಲ್ಲಿ ಕೊಳ್ಳುವವರ ಹಕ್ಕಿನ ಮಾತು ಬರುತ್ತದೆ. 1930ರ ಸರಕು ಮಾರಾಟ ಕಾಯ್ದೆ ಕೊಳ್ಳುವವರಿಗೆ ಮಾಲು ಪರಿಶೀಲಿಸುವ ಅವಕಾಶ ಕೊಟ್ಟಿದೆ. ನ್ಯಾಯವಾಗಿ ನಿರಾಕರಿಸಿದ ಮಾಲನ್ನು, ಬೇರೆ ಒಪ್ಪಂದ ಇಲ್ಲದಿದ್ದರೆ, ನೀವೇ ಗಾಡಿ ಮಾಡಿ ಹಿಂದಕ್ಕೆ ಕಳಿಸಬೇಕಿಲ್ಲ. ಒಪ್ಪುವುದಿಲ್ಲ ಎಂದು ತಿಳಿಸಿದರೆ ಸಾಕು ಎನ್ನುತ್ತದೆ 43ನೇ ಕಲಮು. ಆದರೆ ಸುಮ್ಮನಿದ್ದರೆ ಆಗದು: ಏನೂ ತಿಳಿಸದೆ ಸಮಂಜಸವಾದ ಅವಧಿ ಮೀರಿ ಇಟ್ಟುಕೊಂಡರೆ ಮಾಲು ಒಪ್ಪಿದಂತೆಯೇ ಎಂದು 42ನೇ ಕಲಮು ಹೇಳುತ್ತದೆ. ಇನ್ನೂ ಒಂದು ತೊಡಕಿದೆ. ಬಿಡಿಸಲಾಗದ ಒಂದೇ ಒಪ್ಪಂದದ ಮಾಲಿನಲ್ಲಿ 18 ಬಕೆಟ್ ಒಪ್ಪಿಕೊಂಡು ಎರಡನ್ನು ಬೇಡ ಎನ್ನಲು ಕಾನೂನು ಸುಲಭವಾಗಿ ಬಿಡುವುದಿಲ್ಲ, ಸಾಮಾನ್ಯವಾಗಿ ನಷ್ಟ ಕೇಳಬಹುದಷ್ಟೇ. ಆದ್ದರಿಂದ ಒಡೆದ, ಸೋರಿದ ಡಬ್ಬ ವಾಪಸ್ ಎಂಬ ಷರತ್ತನ್ನು ಆರ್ಡರ್ ಕೊಡುವಾಗಲೇ ಬರೆಸಿಬಿಡಿ. ಫೋಟೋ ತೆಗೆದು ಅಂದೇ ವಾಟ್ಸಾಪ್‌ನಲ್ಲಿ ಕಳಿಸಿದರೆ ತಿಳಿಸಿದ್ದಕ್ಕೆ ದಾಖಲೆಯೂ ಆಯಿತು.

ಕೊಂಡವರು ತಮ್ಮ ಪುಸ್ತಕಕ್ಕಾಗಿ ಡೆಬಿಟ್ ನೋಟ್ ಬರೆಯುವುದು ಹಳೆಯ ರೂಢಿ, ಬರೆಯಬಹುದು. ಆದರೆ ತೆರಿಗೆ ಕಡಿಮೆಯಾಗುವುದು ಮಾರಿದವರು ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಡಿ ಕೊಡುವ ಕ್ರೆಡಿಟ್ ನೋಟಿನಿಂದ. ಅದನ್ನು ಅವರು, ಮಾಲು ಮಾರಿದ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದರೊಳಗೆ ತಮ್ಮ ರಿಟರ್ನ್‌ನಲ್ಲಿ ತೋರಿಸಬೇಕು.

ಈಗ ಬಾಕಿ ₹42,480ರಲ್ಲಿ ₹4,248 ಕಳೆದು ₹38,232. ಉಳಿದ 18 ಬಕೆಟ್ ಮಾಲಿನ ಬೆಲೆ ₹32,400, ಅದರ ಶೇ. 2 ಎಂದರೆ ₹648. (ಮೇಲಿನ ತೆರಿಗೆ ₹648ಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಕಿ ಕೂಡಿಬಂದದ್ದು ಆಕಸ್ಮಿಕ.) ಎಂಟನೆಯ ದಿನ ಮಾಲೀಕರು ಬ್ಯಾಂಕಿನಿಂದ ₹37,584 ಕಳಿಸಿದರು.

ಪ್ರಶ್ನೆ 3. ನಮೂದು?
ಅ) ಸಗಟು ವ್ಯಾಪಾರಿ ಡೆಬಿಟ್ ₹37,584, ಬ್ಯಾಂಕ್ ಕ್ರೆಡಿಟ್ ₹37,584
ಆ) ಸಗಟು ವ್ಯಾಪಾರಿ ಡೆಬಿಟ್ ₹38,232; ಬ್ಯಾಂಕ್ ಕ್ರೆಡಿಟ್ ₹37,584; ಪಡೆದ ರಿಯಾಯಿತಿ ಕ್ರೆಡಿಟ್ ₹648
ಇ) ಸಗಟು ವ್ಯಾಪಾರಿ ಡೆಬಿಟ್ ₹38,232, ಬ್ಯಾಂಕ್ ಕ್ರೆಡಿಟ್ ₹37,584, ಖರೀದಿ ಖಾತೆ ಕ್ರೆಡಿಟ್ ₹648

ಉತ್ತರ ಆ. ನಗದು ರಿಯಾಯಿತಿ ಬೇಗ ಹಣ ಕೊಟ್ಟದ್ದಕ್ಕೆ ಸಿಕ್ಕ ಆದಾಯ, ಮಾಲಿನ ಬೆಲೆಗೆ ಅದರ ನಂಟಿಲ್ಲ. ‘ಅ’ ಬರೆದರೆ ತೀರಿದ ಸಾಲ ಪುಸ್ತಕದಲ್ಲಿ ₹648 ಬಾಕಿಯಾಗಿ ನಿಂತಿರುತ್ತದೆ. ಈ ರಿಯಾಯಿತಿಗೆ ಸಗಟು ವ್ಯಾಪಾರಿ ತೆರಿಗೆ ಕಡಿಮೆ ಮಾಡದೆ ಬರೀ ವಾಣಿಜ್ಯ ಕ್ರೆಡಿಟ್ ನೋಟ್ ಕೊಟ್ಟರೆ, ಪಡೆದ ಇನ್‌ಪುಟ್ ತೆರಿಗೆಯನ್ನು ಹಿಂದಿರುಗಿಸಬೇಕಿಲ್ಲ. ಸಗಟು ವ್ಯಾಪಾರಿಯ ಪುಸ್ತಕದಲ್ಲಿ ಇದೇ ₹648 ‘ಕೊಟ್ಟ ರಿಯಾಯಿತಿ’ ಎಂದು ಡೆಬಿಟ್ ಬದಿಗೆ ಬರುತ್ತದೆ.

ಪ್ರಶ್ನೆ 4. ಹಣ ಹೋದದ್ದು ಎಂಟನೆಯ ದಿನವಲ್ಲ, ಹನ್ನೆರಡನೆಯ ದಿನ ಎಂದಿಟ್ಟುಕೊಳ್ಳಿ. ಆದರೂ ಮಾಲೀಕರು ₹648 ಹಿಡಿದುಕೊಂಡು ಕಳಿಸಿದರು. ಸಗಟು ವ್ಯಾಪಾರಿ ಒಪ್ಪಿಲ್ಲ. ಆಗ?
ಅ) ಪ್ರಶ್ನೆ 3ರ ‘ಆ’
ಆ) ಪ್ರಶ್ನೆ 3ರ ‘ಅ’

ಉತ್ತರ ಆ. ಅವಧಿ ಮೀರಿದ ಮೇಲೆ ರಿಯಾಯಿತಿ ಹಕ್ಕಾಗಿ ಉಳಿಯುವುದಿಲ್ಲ. ಅವರು ಒಪ್ಪುವವರೆಗೆ ₹648 ಸಾಲವೇ.

ನೀವೇ ರಿಯಾಯಿತಿ ಎಂದು ಬರೆದುಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ, ಅವರೇ ಬಾಕಿ ಎಂದು ಬರೆದುಕೊಂಡ ಮಾತ್ರಕ್ಕೆ ನಿಮ್ಮ ಮೇಲೆ ಹೊಣೆ ಸಾಬೀತೂ ಆಗುವುದಿಲ್ಲ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮಿನಂತೆ, ಕ್ರಮವಾಗಿ ಬರೆದ ಲೆಕ್ಕಪುಸ್ತಕ ನ್ಯಾಯಾಲಯದಲ್ಲಿ ಪ್ರಸ್ತುತ ಸಾಕ್ಷ್ಯ, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ. ಬಿಲ್, ಕ್ರೆಡಿಟ್ ನೋಟ್, ಬ್ಯಾಂಕ್ ವಿವರ ಮೂರೂ ಜೊತೆಗಿರಬೇಕು. ಜಿಎಸ್‌ಟಿ ಕಾಯ್ದೆಯಂತೆ ಈ ಕಾಗದಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕಡೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಹಳೆಯ ಬಿಲ್‌ಗಳನ್ನು ರದ್ದಿಗೆ ಹಾಕುವ ಮೊದಲು ದಿನಾಂಕ ನೋಡಿ.