ಪಿಓಎನ್ ದೀಪ ನಿಲ್ಲಲಿ, ಆಮೇಲೆ ರೌಟರ್

ತಮ್ಮಾ, ವಾಸ್ಕೋದಲ್ಲಿ ಮನೆ ಮಾಡಿದ್ದೀಯ. ಗೋವಾದ ಮಳೆಗಾಲದಲ್ಲಿ ಕರೆಂಟು ಹೋಗುವುದು ಬರುವುದು ಇದ್ದದ್ದೇ. ಹೋದ ಕೂಡಲೇ ಫೈಬರ್ ಬಾಕ್ಸ್, ರೌಟರ್ ಎರಡರ ಸ್ವಿಚ್ಚನ್ನೂ ಆರಿಸಿಬಿಡು. ಮರಳಿ ಬಂದ ಕರೆಂಟು ಒಮ್ಮೊಮ್ಮೆ ಎರಡು ಮೂರು ಸಲ ಹೋಗಿ ಬಂದು ಆಮೇಲೆ ನಿಲ್ಲುತ್ತದೆ. ಆ ಏಟು ಅಡಾಪ್ಟರಿಗೆ ಬೀಳದಿರಲಿ. ಬಂದ ಮೇಲೂ ಐದು ನಿಮಿಷ ತಡೆ.

ಮೊದಲು ಫೈಬರ್ ಬಾಕ್ಸ್ ಒಂದನ್ನೇ ಹಾಕು. ಅದರ ಪಿಓಎನ್ ದೀಪ ಮಿಣುಕುತ್ತಿರುತ್ತದೆ. ಕಂಪನಿಯ ಎಕ್ಸ್‌ಚೇಂಜಿನ ಯಂತ್ರ ನಿನ್ನ ಬಾಕ್ಸನ್ನು ಗುರುತಿಸಿ, ದೂರ ಅಳೆದು, ಮಾತಾಡಲು ಸರದಿ ಕೊಡುವ ಹೊತ್ತು ಅದು. ಒಂದೇ ಎಳೆಯಲ್ಲಿ ಹತ್ತಾರು ಮನೆಗಳಿರುವುದರಿಂದ ಸರದಿಯಿಲ್ಲದೆ ಯಾರೂ ಬೆಳಕು ಕಳಿಸುವಂತಿಲ್ಲ. ಸಾಮಾನ್ಯವಾಗಿ ಒಂದೆರಡು ನಿಮಿಷ ಸಾಕು; ಇಡೀ ಬಡಾವಣೆಗೆ ಒಟ್ಟಿಗೆ ಕರೆಂಟು ಬಂದಾಗ ಇನ್ನಷ್ಟು ತಡವಾದೀತು. ದೀಪ ಮಿಣುಕದೆ ನಿಂತ ಮೇಲೆ ಇನ್ನೊಂದು ನಿಮಿಷ ಬಿಟ್ಟು ರೌಟರ್ ಹಾಕು.

ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ ಒಂದೇ ಸ್ವಿಚ್ಚು ಒತ್ತಿದರೆ ಏನಾಗುತ್ತದೆ ನೋಡು. ಬಾಕ್ಸ್ ಇನ್ನೂ ಸರದಿಗೆ ಕಾಯುತ್ತಿರುವಾಗಲೇ ರೌಟರ್ ಎದ್ದು ಐಪಿ ವಿಳಾಸ ಕೇಳುತ್ತದೆ. ಉತ್ತರ ಕೊಡುವವರಿಲ್ಲ. ಒಳ್ಳೆಯ ರೌಟರ್ ಮತ್ತೆ ಮತ್ತೆ ಕೇಳುತ್ತದೆ, ಕೆಲವು ಅಗ್ಗದವು ಸುಮ್ಮನಾಗಿಬಿಡುತ್ತವೆ. ಫೋನಿನಲ್ಲಿ ವೈಫೈ ಗೆರೆಗಳೆಲ್ಲ ತುಂಬಿರುತ್ತವೆ, ನೆಟ್ ಮಾತ್ರ ಇಲ್ಲ. ಆಗ ಬಾಕ್ಸ್ ಮುಟ್ಟಬೇಡ, ರೌಟರ್ ಒಂದನ್ನೇ ಆರಿಸಿ ಹಾಕು.

ನಿನ್ನ ರೌಟರ್ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವಂಥದ್ದಾದರೆ ಇನ್ನೊಂದು ತೊಡಕಿದೆ. ಕರೆಂಟು ದಿಢೀರನೆ ಹೋದಾಗ ರೌಟರ್ ಲಾಗ್‌ಔಟ್ ಆಗಿರುವುದಿಲ್ಲ. ಎರಡೇ ನಿಮಿಷದಲ್ಲಿ ಮರಳಿ ಕೇಳಿದರೆ, ಹಳೆಯ ಲಾಗಿನ್ ಇನ್ನೂ ಇದೆಯೆಂದು ಕಂಪನಿಯ ಸರ್ವರ್ ಬಾಗಿಲು ಹಾಕಬಹುದು. ರೌಟರನ್ನು ಐದು ಹತ್ತು ನಿಮಿಷ ಆರಿಸಿಟ್ಟರೆ ಹಳೆಯದು ತಾನಾಗಿ ಅಳಿಯುತ್ತದೆ.

ಎಲ್‌ಓಎಸ್ ಎಂಬ ಕೆಂಪು ದೀಪ ಉರಿದರೆ ಕಥೆ ಬೇರೆ. ಬಾಕ್ಸಿಗೆ ಬೆಳಕೇ ತಲುಪಿಲ್ಲ ಎಂದರ್ಥ. ಗಾಳಿಗೆ ತೆಂಗಿನ ಗರಿ ಬಿದ್ದು ತಂತಿ ತುಂಡಾಗಿರಬಹುದು, ಕನೆಕ್ಟರ್ ಸಡಿಲಾಗಿರಬಹುದು, ಎಕ್ಸ್‌ಚೇಂಜಿನ ಕಡೆಯೇ ಕರೆಂಟಿಲ್ಲದಿರಬಹುದು. ಎಷ್ಟು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ, ದೂರು ಕೊಡು. ಕನೆಕ್ಟರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡ. ಆ ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ಎರಡು ಎಚ್ಚರಿಕೆ. ಸಣ್ಣ ತೂತಿನ ರೀಸೆಟ್ ಗುಂಡಿಗೆ ಪಿನ್ನು ಚುಚ್ಚಬೇಡ, ಕಂಪನಿಯವರು ಹಾಕಿಕೊಟ್ಟ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಅಡಾಪ್ಟರುಗಳೂ ಅದಲು ಬದಲಾಗದಿರಲಿ: ಒಂದು 12 ವೋಲ್ಟ್, ಇನ್ನೊಂದು 9 ವೋಲ್ಟ್ ಇದ್ದರೂ ಪಿನ್ನು ಒಂದೇ ಥರ ಕೂರುತ್ತದೆ. ಇವತ್ತೇ ಎರಡಕ್ಕೂ ಚೀಟಿ ಅಂಟಿಸಿ, ಬೇರೆ ಬೇರೆ ಸ್ವಿಚ್ಚಿಗೆ ಹಾಕಿಬಿಡು.